ಕುಟುಂಬ ಉದ್ಯಮದ ಪ್ರಸ್ತಾವನೆಯಲ್ಲಿ ಉತ್ತರಾಧಿಕಾರ ಮತ್ತು ನಿರ್ಗಮನ ಯೋಜನೆ

ಬ್ಯಾಂಕಿಗೆ ಸಲ್ಲಿಸುವ ಉದ್ಯಮ ಪ್ರಸ್ತಾವನೆಯಲ್ಲಿ ‘ನಮ್ಮ ನಂತರ ಮಕ್ಕಳು ನಡೆಸುವರು’ ಎಂಬ ಒಂದು ವಾಕ್ಯ ಉತ್ತರಾಧಿಕಾರ ಯೋಜನೆ ಎನಿಸದು. ಪಾಲುದಾರರಲ್ಲೊಬ್ಬರು ತೀರಿಕೊಂಡರೆ ಅಥವಾ ಹೊರಹೋದರೆ ಸಂಸ್ಥೆ ಉಳಿಯುವುದೇ, ಅವರ ಪಾಲಿನ ಬೆಲೆ ಎಷ್ಟು, ಆ ಹಣ ಎಲ್ಲಿಂದ ಬರುವುದು ಎಂಬ ಮೂರು ಪ್ರಶ್ನೆಗಳಿಗೆ ಈ ಭಾಗ ಉತ್ತರಿಸಬೇಕು. ಸೊಲ್ಲಾಪುರದಲ್ಲಿ ಅಣ್ಣತಮ್ಮಂದಿರಿಬ್ಬರು ಸಮಪಾಲಿನಲ್ಲಿ ನಡೆಸುವ ಚಾದರ ನೇಯ್ಗೆಯ ಸಂಸ್ಥೆಯೊಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ.

ಸಂಸ್ಥೆಯ ಉಳಿವು

1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 42ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ ಪಾಲುದಾರರ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಬ್ಬರೇ ಇರುವಲ್ಲಿ ಕರಾರು ಬರೆದಿದ್ದರೂ ಪ್ರಯೋಜನವಿಲ್ಲ. ಒಬ್ಬರೇ ಉಳಿದಾಗ ಪಾಲುದಾರಿಕೆ ಎಂಬುದೇ ಇರದು. ಆದುದರಿಂದ ಪ್ರಾಪ್ತ ವಯಸ್ಸಿನ ಮಗನನ್ನೋ ಮಗಳನ್ನೋ ಈಗಲೇ ಮೂರನೆಯ ಪಾಲುದಾರರನ್ನಾಗಿ ಸೇರಿಸಿ, ಮರಣದಿಂದ ಸಂಸ್ಥೆ ವಿಸರ್ಜನೆಯಾಗದೆಂದು ಪತ್ರದಲ್ಲಿ ಬರೆಯಬೇಕು. ಅಪ್ರಾಪ್ತರನ್ನು 30ನೆಯ ಕಲಮಿನಂತೆ ಲಾಭಕ್ಕೆ ಮಾತ್ರ ಸೇರಿಸಬಹುದು. ಅವರು ಪಾಲುದಾರರೆಂದು ಎಣಿಕೆಯಾಗುವುದಿಲ್ಲ.

ಪಾಲಿನ ಬೆಲೆ ಮತ್ತು ಹಣದ ಮೂಲ

ಮಗ್ಗ, ದಾಸ್ತಾನು, ಬರಬೇಕಾದ ಬಾಕಿ ಸೇರಿ ಆಸ್ತಿ 80 ಲಕ್ಷ, ಸಾಲ 30 ಲಕ್ಷ ಎಂದಿಟ್ಟುಕೊಳ್ಳೋಣ. ನಿವ್ವಳ 50 ಲಕ್ಷ. ಅಣ್ಣನ ಪಾಲು 25 ಲಕ್ಷ. ಬ್ಯಾಂಕಿನ ಕಂತು ಕಟ್ಟಿದ ಮೇಲೆ ವರ್ಷಕ್ಕೆ 9 ಲಕ್ಷ ಉಳಿಯುವುದಾದರೆ, ಎರಡು ವರ್ಷಗಳಲ್ಲಿ ತೀರಿಸುವ ಕರಾರಿಗೆ ವರ್ಷಕ್ಕೆ 12.5 ಲಕ್ಷ ಬೇಕು, ಅದು ನಡೆಯದು. ಐದು ವರ್ಷಗಳಿಗೆ ಹಂಚಿದರೆ ಅಸಲು 5 ಲಕ್ಷ, ಶೇ. 6ರ ಬಡ್ಡಿ ಮೊದಲ ವರ್ಷ ಹೆಚ್ಚೆಂದರೆ 1.5 ಲಕ್ಷ, ಒಟ್ಟು 6.5 ಲಕ್ಷವನ್ನು ಸಂಸ್ಥೆ ಭರಿಸಬಲ್ಲದು. ಈ ಲೆಕ್ಕವನ್ನೇ ಪ್ರಸ್ತಾವನೆಯಲ್ಲಿ ತೋರಿಸಬೇಕು. ಬೆಲೆ ಕಟ್ಟುವ ವಿಧಾನವನ್ನು ಮೊದಲೇ ಬರೆದಿಡದಿದ್ದರೆ ಹಳೆಯ ಮಗ್ಗಗಳ ಮೌಲ್ಯದ ಬಗೆಗೇ ಮನೆಯಲ್ಲಿ ವ್ಯಾಜ್ಯ ಹುಟ್ಟುತ್ತದೆ. ಪಾಲು ತೀರಿಸದೆ ಉದ್ಯಮ ಮುಂದುವರಿಸಿದರೆ, ಬೇರೆ ಕರಾರು ಇಲ್ಲದಿರುವಲ್ಲಿ, ಹೋದವರು ಅಥವಾ ಅವರ ವಾರಸುದಾರರು ತಮ್ಮ ಪಾಲಿನಿಂದ ಬಂದ ಲಾಭವನ್ನಾಗಲಿ ಶೇ. 6ರ ಬಡ್ಡಿಯನ್ನಾಗಲಿ ಕೇಳಬಹುದೆಂದು 37ನೆಯ ಕಲಂ ಹೇಳುತ್ತದೆ.

ನಿವೃತ್ತಿ

ಅಣ್ಣ ಬದುಕಿರುವಾಗಲೇ ಹೊರಬಂದರೂ ಹಳೆಯ ಸಾಲದ ಹೊಣೆ ತಾನಾಗಿ ತಪ್ಪದು. ಬ್ಯಾಂಕು ಮತ್ತು ಉಳಿದ ಪಾಲುದಾರರೊಡನೆ ಬಿಡುಗಡೆಯ ಒಪ್ಪಂದ ಬೇಕು. ಹೊಸ ವ್ಯವಹಾರಗಳ ಹೊಣೆ ತಪ್ಪಲು ಸಾರ್ವಜನಿಕ ನೋಟಿಸೂ ಅಗತ್ಯ. ನೋಂದಾಯಿತ ಸಂಸ್ಥೆಯಾದರೆ ಸಂಸ್ಥೆಗಳ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲಿಯೂ ಜಿಲ್ಲೆಯಲ್ಲಿ ಪ್ರಸಾರವಿರುವ ಒಂದು ದೇಶಭಾಷಾ ಪತ್ರಿಕೆಯಲ್ಲಿಯೂ ಅದನ್ನು ಪ್ರಕಟಿಸಬೇಕು.

ಗಡಿನಾಡಿನ ನಮ್ಮ ಮನೆಗಳಲ್ಲಿ ಕರಾರುಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು, ಹಿರಿಯರು ಅದನ್ನು ಓದದೆ ಸಹಿ ಹಾಕುವುದುಂಟು. ಸಹಿಗೆ ಮುನ್ನ ಅದರ ಕನ್ನಡ ಅನುವಾದವನ್ನು ಎಲ್ಲ ವಾರಸುದಾರರ ಎದುರು ಓದಿಸಬೇಕೆಂದು ನಾವು ಸೂಚಿಸುತ್ತೇವೆ.