ವೃತ್ತದಿಂದ ರೆಕ್ಕೆಗೆ: ಝುಕೋವ್ಸ್ಕಿ ಪರಿವರ್ತನೆಯ ಇತಿಹಾಸ

ವೃತ್ತಾಕಾರದ ಕಂಬವೊಂದರ ಸುತ್ತ ಗಾಳಿ ಹೇಗೆ ಹರಿಯುತ್ತದೆಂಬ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞರು ಚೆನ್ನಾಗಿ ಬಲ್ಲವರಾಗಿದ್ದರು. ವಿಮಾನದ ರೆಕ್ಕೆಯ ಸುತ್ತಲಿನ ಹರಿವನ್ನು ನೇರವಾಗಿ ಬಿಡಿಸುವ ದಾರಿ ಮಾತ್ರ ಯಾರ ಬಳಿಯೂ ಇರಲಿಲ್ಲ. ಈ ಎರಡನ್ನೂ ಬೆಸೆದದ್ದು ಸಂಕೀರ್ಣ ಸಂಖ್ಯೆಗಳ ಒಂದು ಪುಟ್ಟ ಸೂತ್ರ: z = ζ + c²/ζ. ζ ಸಮತಲದಲ್ಲಿ ಎಳೆದ ವೃತ್ತ, z ಸಮತಲದಲ್ಲಿ ಬೇರೆ ಆಕಾರ ತಳೆಯುತ್ತದೆ. ಹರಿವಿನ ಗೆರೆಗಳೂ ಅದರ ಜೊತೆಗೇ ಬಾಗಿ ಹೊಸ ಆಕಾರವನ್ನು ಸುತ್ತುವರಿಯುತ್ತವೆ.

ಈ ಹಾದಿಯಲ್ಲಿ ಮೊದಲು ನಡೆದವನು ಮ್ಯೂನಿಕ್‌ನ ಮಾರ್ಟಿನ್ ವಿಲ್‌ಹೆಲ್ಮ್ ಕುಟ್ಟಾ. ಓಟ್ಟೋ ಲಿಲಿಯೆಂಥಾಲ್‌ನ ಬಾಗಿದ ರೆಕ್ಕೆಗಳು ಗಾಳಿಗೆ ಸಮನಾಗಿ ಹಿಡಿದಾಗಲೂ ಮೇಲೇಳುವುದೇಕೆ ಎಂಬುದು ಅವನ ಪ್ರಶ್ನೆ. 1902ರಲ್ಲಿ ಅವನು ತೆಳುವಾದ ವೃತ್ತಕಂಸವೊಂದರ ಎತ್ತುಬಲವನ್ನು ಲೆಕ್ಕಹಾಕಿ ತೋರಿಸಿದ. ಮಾಸ್ಕೋದ ನಿಕೊಲಾಯ್ ಝುಕೋವ್ಸ್ಕಿ 1906ರಲ್ಲಿ ಇನ್ನೊಂದು ತುದಿಯಿಂದ ಬಂದ. ಕಾಯದ ಸುತ್ತ ಗಾಳಿಯ ಪರಿಚಲನೆ Γ ಇದ್ದರೆ, ರೆಕ್ಕೆಯ ಪ್ರತಿ ಮೀಟರ್ ಉದ್ದಕ್ಕೆ ದೊರೆಯುವ ಎತ್ತುಬಲ ρUΓ ಎಂದು ಅವನು ಸಾಧಿಸಿದ. ಇಲ್ಲಿ ρ ಗಾಳಿಯ ಸಾಂದ್ರತೆ, U ಅದರ ವೇಗ. 1910ರಲ್ಲಿ ಅವನು ಮೇಲಿನ ಸೂತ್ರವನ್ನು ಬಳಸಿ, ದಪ್ಪವಿರುವ, ಮುಂತುದಿ ಗುಂಡಗಿರುವ ರೆಕ್ಕೆಯ ಅಡ್ಡಛೇದಗಳನ್ನು ರಚಿಸಿ ಜರ್ಮನ್ ವಿಮಾನಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಸೂತ್ರಕ್ಕೆ ಅವನ ಹೆಸರು ಅಂಟಿಕೊಂಡಿತು. ಕುಟ್ಟಾನ ಪಾಲು ಅದರಿಂದ ಸ್ವಲ್ಪ ಮರೆಯಾಯಿತೆಂದೇ ಹೇಳಬೇಕು.

ಸೂತ್ರದ ಕೆಲಸವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. c = 1 ಎಂದಿರಲಿ. ಮೂಲಬಿಂದುವನ್ನೇ ಕೇಂದ್ರವಾಗಿಸಿ 1 ತ್ರಿಜ್ಯದ ವೃತ್ತ ಎಳೆದರೆ, ಅದು −2ರಿಂದ 2ರವರೆಗಿನ ಚಪ್ಪಟೆ ಹಲಗೆಯಾಗಿ ಬೀಳುತ್ತದೆ. ಕೇಂದ್ರವನ್ನು 0.1ರಷ್ಟು ಎಡಕ್ಕೆ ಸರಿಸಿ, ತ್ರಿಜ್ಯವನ್ನು 1.1 ಮಾಡಿದರೆ ವೃತ್ತ ಆಗಲೂ ζ = 1ರ ಮೂಲಕವೇ ಹಾದುಹೋಗುತ್ತದೆ. ಆದರೆ ಅದರ ಎಡತುದಿ −1.2ಕ್ಕೆ ಸರಿಯುವುದರಿಂದ ರೆಕ್ಕೆಯ ಮುಂತುದಿ ಸುಮಾರು −2.03ರಲ್ಲಿ ಬೀಳುತ್ತದೆ. ಸಿಕ್ಕಿದ್ದು ಅಗಲದ ಶೇ. 12ರಷ್ಟು ದಪ್ಪವಿರುವ, ಮೇಲೂ ಕೆಳಗೂ ಒಂದೇ ತೆರನಾದ ಅಡ್ಡಛೇದ. ಅತಿ ದಪ್ಪದ ಜಾಗ ಮುಂತುದಿಯಿಂದ ಅಗಲದ ಕಾಲುಭಾಗದಲ್ಲಿದೆ. ಕೇಂದ್ರವನ್ನು ಸ್ವಲ್ಪ ಮೇಲಕ್ಕೂ ಸರಿಸಿದರೆ ರೆಕ್ಕೆಗೆ ಬಾಗು ಬರುತ್ತದೆ. ಎಡಕ್ಕೆ ಸರಿಸದೆ ಬರೀ ಮೇಲಕ್ಕೆ ಸರಿಸಿದಾಗ ಸಿಗುವುದೇ ಕುಟ್ಟಾನ ಕಂಸ.

ಆಕಾರ ಹುಟ್ಟಿಸುವುದಕ್ಕಿಂತ ದೊಡ್ಡ ಉಪಕಾರ ಈ ಸೂತ್ರದಿಂದ ಬೇರೊಂದು ಕಡೆ ಆಯಿತು. ವೃತ್ತದ ಸುತ್ತ ಪರಿಚಲನೆ ಎಷ್ಟು ಬೇಕಾದರೂ ಇರಬಹುದು. ಯಾವುದು ನಿಜವೆಂದು ಗಣಿತ ಹೇಳುವುದಿಲ್ಲ. ರೆಕ್ಕೆಯ ಮೇಲಿನ ವೇಗ ತಿಳಿಯಲು ವೃತ್ತದ ಮೇಲಿನ ವೇಗವನ್ನು dz/dζ = 1 − c²/ζ² ಎಂಬುದರಿಂದ ಭಾಗಿಸಬೇಕು. ζ = c ಎಂಬಲ್ಲಿ, ಅಂದರೆ ರೆಕ್ಕೆಯ ಚೂಪಾದ ಹಿಂಬದಿ ಅಂಚಿನಲ್ಲಿ, ಇದು ಸೊನ್ನೆ. ಹಾಗಾಗಿ ಅಲ್ಲಿ ವೇಗ ಅನಂತವಾಗಬಾರದೆಂದಿದ್ದರೆ ವೃತ್ತದ ಮೇಲೆ ಆ ಬಿಂದುವಿನಲ್ಲಿ ಗಾಳಿ ನಿಂತಿರಬೇಕು. ಈ ಒಂದು ಷರತ್ತಿನಿಂದ Γ ನಿರ್ಧಾರವಾಗಿಬಿಡುತ್ತದೆ. ಝುಕೋವ್ಸ್ಕಿಯ ಒಡನಾಡಿ ಸೆರ್ಗೆಯ್ ಚಾಪ್ಲಿಗಿನ್ ಕೂಡ 1910ರಲ್ಲಿ ಈ ಷರತ್ತನ್ನು ಸ್ಪಷ್ಟವಾಗಿ ಮುಂದಿಟ್ಟ. ಮೇಲಿನ ಉದಾಹರಣೆಯಲ್ಲಿ ರೆಕ್ಕೆ ಗಾಳಿಗೆ α ಕೋನದಲ್ಲಿದ್ದರೆ Γ = 4π × 1.1 × U sin α. ಕೋನ 5 ಡಿಗ್ರಿಯಾದಾಗ ಎತ್ತುಬಲದ ಗುಣಾಂಕ ಸುಮಾರು 0.60; ಚಪ್ಪಟೆ ಹಲಗೆಗೆ ಅದು 0.55.

ದಪ್ಪ ಹೆಚ್ಚಿದಂತೆ ಎತ್ತುಬಲವೂ ಹೆಚ್ಚುತ್ತದೆಂಬ ಈ ಮಾತನ್ನು ನಿಜವಾದ ಗಾಳಿ ಅಷ್ಟಾಗಿ ಒಪ್ಪುವುದಿಲ್ಲ. ಆಲ್ಬರ್ಟ್ ಬೆಟ್ಜ್ ಗಾಟಿಂಗೆನ್‌ನಲ್ಲಿ ಇಂಥ ರೆಕ್ಕೆಯೊಂದನ್ನು ಗಾಳಿಸುರಂಗದಲ್ಲಿಟ್ಟು ನಡೆಸಿದ ಪ್ರಯೋಗದ ವರದಿ 1915ರಲ್ಲಿ ಬಂತು. ಅಳೆದ ಎತ್ತುಬಲ ಲೆಕ್ಕಕ್ಕಿಂತ ಕಡಿಮೆಯಿತ್ತು. ಗಾಳಿಯ ಸ್ನಿಗ್ಧತೆಯಿಂದ ರೆಕ್ಕೆಯ ಮೈಗಂಟಿದ ನಿಧಾನಗತಿಯ ಪದರ ಹಿಂಬದಿಗೆ ಹೋದಂತೆ ದಪ್ಪವಾಗಿ, ಪರಿಚಲನೆಯನ್ನು ತಗ್ಗಿಸುತ್ತದೆ. ಕೋನ ಹೆಚ್ಚಾದಾಗ ಆ ಪದರ ಮೈಬಿಟ್ಟು ಕಳಚಿಕೊಳ್ಳುತ್ತದೆ, ಎತ್ತುಬಲ ಕುಸಿಯುತ್ತದೆ. ಸೂತ್ರಕ್ಕೆ ಇದರ ಸುಳಿವೇ ಇಲ್ಲ. ಗಾಳಿಯ ಎಳೆತವನ್ನಂತೂ ಅದು ಸೊನ್ನೆಯೆಂದೇ ತೋರಿಸುತ್ತದೆ.

ಇನ್ನೊಂದು ತೊಡಕು ಬಡಗಿಯದು. ζ = c ಎಂಬಲ್ಲಿ ಕೋನಗಳು ಇಮ್ಮಡಿಯಾಗುವುದರಿಂದ ರೆಕ್ಕೆಯ ಮೇಲ್ಮೈ ಮತ್ತು ಕೆಳಮೈ ಸೊನ್ನೆ ಕೋನದಲ್ಲಿ ಕೂಡುತ್ತವೆ. ಅಷ್ಟು ತೆಳುವಾದ ಅಂಚನ್ನು ಗಟ್ಟಿಯಾಗಿ ಕಟ್ಟಲಾಗದು. ಥಿಯೊಡೋರ್ ಫಾನ್ ಕಾರ್ಮಾನ್ ಮತ್ತು ಎರಿಕ್ ಟ್ರೆಫ್ಟ್ಜ್ 1918ರಲ್ಲಿ ಸೂತ್ರವನ್ನು ವಿಸ್ತರಿಸಿ, ಇಮ್ಮಡಿಯ ಬದಲು 2ಕ್ಕಿಂತ ತುಸು ಕಡಿಮೆಯಾದ n ಘಾತವನ್ನಿಟ್ಟರು. n = 1.9 ಆದರೆ ಅಂಚಿನ ಕೋನ 18 ಡಿಗ್ರಿ.

ಥಿಯೊಡೋರ್ ಥಿಯೊಡೋರ್ಸನ್ 1931ರಲ್ಲಿ ಅಮೆರಿಕದಲ್ಲಿ ಇದೇ ಸೂತ್ರವನ್ನು ಹಿಂದುಮುಂದಾಗಿ ಬಳಸಿದ. ಕೈಯಲ್ಲಿರುವ ಯಾವುದೇ ರೆಕ್ಕೆಯ ಅಡ್ಡಛೇದವನ್ನು ಅದು ವೃತ್ತಕ್ಕೆ ಹತ್ತಿರದ ಆಕಾರಕ್ಕೆ ಮರಳಿಸುತ್ತದೆ. ಉಳಿದ ಸಣ್ಣ ವ್ಯತ್ಯಾಸವನ್ನು ಹಂತಹಂತವಾಗಿ ಲೆಕ್ಕದಿಂದ ಸರಿಪಡಿಸಲಾಗುತ್ತದೆ.