ಮಾರಾಟ ಅಭಿವೃದ್ಧಿ ಪ್ರತಿನಿಧಿಯಿಂದ ಅಕೌಂಟ್ ಎಕ್ಸಿಕ್ಯೂಟಿವ್ ವರೆಗಿನ ವೃತ್ತಿಪಥ

ಮಾರಾಟ ಅಭಿವೃದ್ಧಿ ಪ್ರತಿನಿಧಿ ಎಂಬುದು ಸಂಸ್ಥೆಗಳಿಗೆ ತಂತ್ರಾಂಶ ಅಥವಾ ಸೇವೆ ಮಾರುವ ಕಂಪನಿಗಳಲ್ಲಿನ ಆರಂಭಿಕ ಹುದ್ದೆಯಾಗಿದೆ. ಸೇಲ್ಸ್ ಡೆವಲಪ್‌ಮೆಂಟ್ ರೆಪ್ರೆಸೆಂಟೇಟಿವ್ ಎಂಬ ಹೆಸರಿನಿಂದಾಗಿ ಇದನ್ನು ಎಸ್‌ಡಿಆರ್ ಎಂದೂ ಕರೆಯುತ್ತಾರೆ. ಸಂಭಾವ್ಯ ಗ್ರಾಹಕರನ್ನು ಹುಡುಕಿ, ಅವರೊಡನೆ ಮೊದಲ ಭೇಟಿಯನ್ನು ನಿಗದಿಪಡಿಸುವುದು ಈ ಹುದ್ದೆಯ ಕೆಲಸ. ಆ ಭೇಟಿಯಿಂದ ಒಪ್ಪಂದಕ್ಕೆ ಸಹಿ ಬೀಳುವವರೆಗಿನ ಹೊಣೆ ಅಕೌಂಟ್ ಎಕ್ಸಿಕ್ಯೂಟಿವ್ ಅಥವಾ ಎಇ ಅವರದು. ಇಲ್ಲಿ 'ಅಕೌಂಟ್' ಎಂದರೆ ಗ್ರಾಹಕ ಸಂಸ್ಥೆ. ಈ ಹುದ್ದೆಗೂ ಲೆಕ್ಕಪತ್ರ ವಿಭಾಗಕ್ಕೂ ಸಂಬಂಧವಿಲ್ಲ. ಜಾಹೀರಾತು ಸಂಸ್ಥೆಗಳಲ್ಲಿ ಇದೇ ಹೆಸರಿನ ಹುದ್ದೆಯೊಂದಿದ್ದು, ಅದರ ಸ್ವರೂಪ ಬೇರೆ.

ಮೊದಲ ಹುದ್ದೆಯಿಂದ ಎರಡನೆಯದಕ್ಕೆ ಬಡ್ತಿ ಪಡೆಯಲು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ಆದರೆ ಎರಡೂ ಹುದ್ದೆಗಳನ್ನು ಅಳೆಯುವ ಮಾನದಂಡ ಒಂದೇ ಅಲ್ಲ. ಮೊದಲನೆಯದರಲ್ಲಿ ದೊರೆತ ಅರ್ಹ ಭೇಟಿಗಳನ್ನು ಎಣಿಸಿದರೆ, ಎರಡನೆಯದರಲ್ಲಿ ಬಂದ ಆದಾಯವನ್ನು ಎಣಿಸಲಾಗುತ್ತದೆ. ಈ ಕಾರಣದಿಂದ ಮೊದಲ ಹುದ್ದೆಯಲ್ಲಿ ಯಶಸ್ವಿಯಾದವರು ಎರಡನೆಯದರಲ್ಲಿ ವಿಫಲರಾಗುವುದೂ ಉಂಟು.

## ಹಿನ್ನೆಲೆ

ಗ್ರಾಹಕರನ್ನು ಹುಡುಕುವ ಮತ್ತು ಒಪ್ಪಂದ ಮುಗಿಸುವ ಕೆಲಸಗಳೆರಡನ್ನೂ ಒಬ್ಬನೇ ಮಾರಾಟಗಾರ ಮಾಡುವುದು ಹಿಂದಿನ ರೂಢಿಯಾಗಿತ್ತು. 2000ರ ದಶಕದ ಆರಂಭದಲ್ಲಿ ಅಮೆರಿಕದ ಸೇಲ್ಸ್‌ಫೋರ್ಸ್ ಕಂಪನಿಯಲ್ಲಿ ಆರನ್ ರಾಸ್ ಅವರು ಹುಡುಕುವ ಕೆಲಸಕ್ಕೆ ಮಾತ್ರ ಮೀಸಲಾದ ತಂಡವೊಂದನ್ನು ಕಟ್ಟಿದರು. ಈ ವಿಭಜನೆಯನ್ನು ವಿವರಿಸುವ 'ಪ್ರೆಡಿಕ್ಟಬಲ್ ರೆವೆನ್ಯೂ' ಎಂಬ ಪುಸ್ತಕವನ್ನು ಅವರು ಮೇರಿಲೂ ಟೈಲರ್ ಅವರೊಡನೆ 2011ರಲ್ಲಿ ಪ್ರಕಟಿಸಿದರು. ಚಂದಾ ರೂಪದಲ್ಲಿ ತಂತ್ರಾಂಶ ಮಾರುವ ಕಂಪನಿಗಳಲ್ಲಿ ಈ ಪದ್ಧತಿ ವ್ಯಾಪಕವಾಗಿ ಹರಡಿತು. ಬೆಂಗಳೂರಿನ ಇಂತಹ ಕಂಪನಿಗಳಲ್ಲಿ ಅಮೆರಿಕದ ಗ್ರಾಹಕರನ್ನು ಸಂಪರ್ಕಿಸುವ ಪ್ರತಿನಿಧಿಗಳು ಅಲ್ಲಿನ ಕಚೇರಿ ವೇಳೆಗೆ ಹೊಂದಿಕೊಂಡು ಸಂಜೆ ಮತ್ತು ರಾತ್ರಿ ಪಾಳಿಯಲ್ಲಿ ದುಡಿಯುತ್ತಾರೆ.

## ಮೊದಲ ಹಂತ: ಮಾರಾಟ ಅಭಿವೃದ್ಧಿ ಪ್ರತಿನಿಧಿ

ಪ್ರತಿನಿಧಿಯು ಫೋನ್ ಕರೆ, ಇಮೇಲ್ ಮತ್ತು ಲಿಂಕ್ಡ್‌ಇನ್ ಸಂದೇಶಗಳ ಮೂಲಕ ಗ್ರಾಹಕ ಸಂಸ್ಥೆಯ ಸೂಕ್ತ ವ್ಯಕ್ತಿಯನ್ನು ತಲುಪುತ್ತಾನೆ. ಹೆಚ್ಚಿನ ಕರೆಗಳಿಗೆ ಉತ್ತರ ಸಿಗುವುದಿಲ್ಲವಾದ್ದರಿಂದ ನಿರಾಕರಣೆಯನ್ನು ಸಹಿಸುವ ಶಕ್ತಿ ಹಾಗೂ ಶಿಸ್ತಿನ ದಿನಚರಿ ಇಲ್ಲಿ ಅಗತ್ಯ. ಕರೆ ಮಾಡುವ ಮೊದಲು ಸಂಸ್ಥೆಯ ಬಗ್ಗೆ ತಿಳಿದುಕೊಳ್ಳುವುದು, ಅರ್ಧ ನಿಮಿಷದಲ್ಲಿ ಕರೆಯ ಉದ್ದೇಶವನ್ನು ತಿಳಿಸುವುದು ಮತ್ತು ಮಾತುಕತೆಯನ್ನು ಗ್ರಾಹಕ ದಾಖಲೆ ತಂತ್ರಾಂಶದಲ್ಲಿ ಸರಿಯಾಗಿ ಬರೆದಿಡುವುದು ಇತರ ಮುಖ್ಯ ಕೌಶಲಗಳು.

ಭೇಟಿಗೆ ಒಪ್ಪಿದ ಪ್ರತಿಯೊಬ್ಬರೂ ಅರ್ಹ ಗ್ರಾಹಕರಲ್ಲ. ಅರ್ಹತೆಯನ್ನು ಪರೀಕ್ಷಿಸಲು 'ಬ್ಯಾಂಟ್' ಎಂಬ ಸೂತ್ರ ಬಳಕೆಯಲ್ಲಿದೆ. ಹಣದ ಲಭ್ಯತೆ, ನಿರ್ಧರಿಸುವ ಅಧಿಕಾರ, ಅಗತ್ಯ ಮತ್ತು ಕಾಲಾವಧಿ ಇದರ ನಾಲ್ಕು ಪ್ರಶ್ನೆಗಳು. ಭೇಟಿಗಳ ಸಂಖ್ಯೆಗಾಗಿ ಅನರ್ಹರನ್ನೂ ಸೇರಿಸುವುದು ಈ ಹಂತದ ಸಾಮಾನ್ಯ ದೋಷ. ನಿಗದಿಯಾದ ಭೇಟಿಗಳಿಗೆ ಗ್ರಾಹಕರು ಗೈರಾಗುವುದು ಅಥವಾ ಅಕೌಂಟ್ ಎಕ್ಸಿಕ್ಯೂಟಿವ್ ಅವುಗಳನ್ನು ಮುಂದುವರಿಸಲು ನಿರಾಕರಿಸುವುದು ಇದರ ಲಕ್ಷಣ.

## ಎರಡನೆಯ ಹಂತ: ಅಕೌಂಟ್ ಎಕ್ಸಿಕ್ಯೂಟಿವ್

ಹೊಸದಾಗಿ ಬಡ್ತಿ ಪಡೆದವರಿಗೆ ಸಾಮಾನ್ಯವಾಗಿ ಸಣ್ಣ ಉದ್ಯಮಗಳನ್ನು ವಹಿಸಲಾಗುತ್ತದೆ. ಅಲ್ಲಿ ಒಬ್ಬಿಬ್ಬರೇ ನಿರ್ಧರಿಸುವುದರಿಂದ ವ್ಯವಹಾರ ಕೆಲವು ವಾರಗಳಲ್ಲೇ ಮುಗಿಯಬಹುದು. ಅನುಭವ ಹೆಚ್ಚಿದಂತೆ ಮಧ್ಯಮ ಹಾಗೂ ಬೃಹತ್ ಸಂಸ್ಥೆಗಳ ಹೊಣೆ ಬರುತ್ತದೆ. ಬೃಹತ್ ಸಂಸ್ಥೆಗಳಲ್ಲಿ ಹಣಕಾಸು, ಕಾನೂನು ಮತ್ತು ಮಾಹಿತಿ ಸುರಕ್ಷತಾ ವಿಭಾಗಗಳೂ ಒಪ್ಪಬೇಕಿರುವುದರಿಂದ ಅನೇಕ ತಿಂಗಳು ಬೇಕಾಗುತ್ತದೆ.

ಈ ಹಂತದ ಮೊದಲ ಕೌಶಲ ಗ್ರಾಹಕನ ಸಮಸ್ಯೆಯನ್ನು ಪ್ರಶ್ನೆಗಳ ಮೂಲಕ ಬಿಡಿಸಿ ತಿಳಿಯುವುದು. ಎರಡನೆಯದು ಖರೀದಿಯ ಒಳಮಾರ್ಗವನ್ನು, ಅಂದರೆ ಯಾರು ಯಾವ ಕ್ರಮದಲ್ಲಿ ಒಪ್ಪಬೇಕು ಎಂಬುದನ್ನು, ಮೊದಲೇ ಅರಿಯುವುದು. 1990ರ ದಶಕದಲ್ಲಿ ಅಮೆರಿಕದ ಪಿಟಿಸಿ ಕಂಪನಿಯಲ್ಲಿ ರೂಪುಗೊಂಡ 'ಮೆಡಿಕ್' ಎಂಬ ಪದ್ಧತಿಯು ಇದಕ್ಕೆ ಆರು ಅಂಶಗಳನ್ನು ಸೂಚಿಸುತ್ತದೆ: ಅಳೆಯಬಹುದಾದ ಲಾಭ, ಹಣ ಮಂಜೂರು ಮಾಡುವ ವ್ಯಕ್ತಿ, ಆಯ್ಕೆಯ ಮಾನದಂಡ, ನಿರ್ಧಾರದ ಪ್ರಕ್ರಿಯೆ, ಮೂಲ ಸಮಸ್ಯೆ ಮತ್ತು ಸಂಸ್ಥೆಯೊಳಗಿನ ಬೆಂಬಲಿಗ. ಮೂರನೆಯ ಕೌಶಲ ಬೆಲೆಯ ಮಾತುಕತೆ. ಇಲ್ಲಿ ರಿಯಾಯಿತಿ ಕೊಡುವಾಗ ಪ್ರತಿಯಾಗಿ ದೀರ್ಘಾವಧಿ ಒಪ್ಪಂದ ಅಥವಾ ಮುಂಗಡ ಪಾವತಿಯನ್ನು ಕೇಳಲಾಗುತ್ತದೆ.

## ಉದಾಹರಣೆ

ವೇತನ ಲೆಕ್ಕ ಹಾಕುವ ತಂತ್ರಾಂಶ ಮಾರುವ ಕಂಪನಿಯ ಪ್ರತಿನಿಧಿಯು 400 ನೌಕರರಿರುವ ಕಾರ್ಖಾನೆಯೊಂದರ ಮಾನವ ಸಂಪನ್ಮೂಲ ವ್ಯವಸ್ಥಾಪಕರಿಗೆ ಕರೆ ಮಾಡುತ್ತಾನೆ ಎಂದಿಟ್ಟುಕೊಳ್ಳಬಹುದು. ಅಲ್ಲಿ ವೇತನವನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸಲಾಗುತ್ತಿದ್ದು, ಪ್ರತಿ ತಿಂಗಳು ಐದು ದಿನ ವ್ಯಯವಾಗುತ್ತಿರುವುದು ತಿಳಿಯುತ್ತದೆ. ಇದನ್ನು ದಾಖಲಿಸಿ ಭೇಟಿ ನಿಗದಿಪಡಿಸಿದಲ್ಲಿಗೆ ಪ್ರತಿನಿಧಿಯ ಕೆಲಸ ಮುಗಿಯುತ್ತದೆ.

ಅಕೌಂಟ್ ಎಕ್ಸಿಕ್ಯೂಟಿವ್ ಈ ಐದು ದಿನಗಳ ಪರಿಣಾಮವೇನೆಂದು ಕೇಳುತ್ತಾನೆ. ಭವಿಷ್ಯ ನಿಧಿಯ ವಂತಿಗೆಯನ್ನು ಮರುತಿಂಗಳ 15ರೊಳಗೆ ಕಟ್ಟಬೇಕು; ಲೆಕ್ಕ ತಡವಾದಾಗ ಕಾರ್ಖಾನೆಯು ಬಡ್ಡಿ ತೆರುತ್ತಿದೆ ಎಂಬುದು ಆಗ ಹೊರಬರುತ್ತದೆ. ಕೆಲಸದ ಕಿರಿಕಿರಿಯಾಗಿದ್ದ ಸಮಸ್ಯೆಯು ಈಗ ಹಣದ ಲೆಕ್ಕಕ್ಕೆ ಬಂದು, ಹಣಕಾಸು ಮುಖ್ಯಸ್ಥರನ್ನು ಕಾಣಲು ಕಾರಣ ದೊರೆಯುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ವ್ಯವಸ್ಥಾಪಕರು "ಚೆನ್ನಾಗಿದೆ, ದರಪಟ್ಟಿ ಕಳುಹಿಸಿ" ಎಂದ ಕೂಡಲೇ ವ್ಯವಹಾರ ಕುದುರಿತೆಂದು ಭಾವಿಸಿ, ಹಣ ಮಂಜೂರು ಮಾಡುವವರನ್ನು ಕಾಣದೆಯೇ ತಿಂಗಳ ಅಂದಾಜಿಗೆ ಸೇರಿಸುತ್ತಾರೆ. ಮುಂದಿನ ಭೇಟಿಗೆ ದಿನಾಂಕವಿಲ್ಲದಿರುವುದು, ಇಡೀ ಸಂಸ್ಥೆಯಲ್ಲಿ ಒಬ್ಬರೊಡನೆ ಮಾತ್ರ ಸಂಪರ್ಕವಿರುವುದು ಮತ್ತು ಮುಕ್ತಾಯದ ದಿನವನ್ನು ಮತ್ತೆ ಮತ್ತೆ ಮುಂದೂಡುವುದು ಇಂತಹ ಟೊಳ್ಳು ವ್ಯವಹಾರದ ಗುರುತುಗಳು.

## ಗುರಿ ಮತ್ತು ವೇತನ

ಎಇ ಒಬ್ಬರ ತ್ರೈಮಾಸಿಕ ಗುರಿ 60 ಲಕ್ಷ ರೂಪಾಯಿ ಹಾಗೂ ಸರಾಸರಿ ಒಪ್ಪಂದದ ಮೊತ್ತ 5 ಲಕ್ಷ ಎಂದಾದರೆ 12 ಒಪ್ಪಂದಗಳು ಬೇಕು. ನಾಲ್ಕರಲ್ಲಿ ಒಂದು ಮಾತ್ರ ಫಲಿಸುವುದಾದರೆ 48 ಅರ್ಹ ಅವಕಾಶಗಳಿರಬೇಕು. ಪ್ರತಿನಿಧಿಗಳಿಂದ 30 ಬಂದರೆ ಉಳಿದ 18ನ್ನು ಎಇ ತಾನೇ ಹುಡುಕಬೇಕಾಗುತ್ತದೆ. ಬಡ್ತಿಯ ನಂತರ ಕರೆ ಮಾಡುವುದನ್ನು ಕೈಬಿಟ್ಟವರು ಈ ಕೊರತೆಯನ್ನು ಎದುರಿಸುತ್ತಾರೆ. ಒಪ್ಪಂದಕ್ಕೆ ಮೂರು ತಿಂಗಳು ಬೇಕಾಗುವುದಾದರೆ, ಮೊದಲ ತಿಂಗಳ ಆಲಸ್ಯದ ಫಲ ನಾಲ್ಕನೆಯ ತಿಂಗಳಲ್ಲಿ ಕಾಣಿಸುತ್ತದೆ. ಇದೇ ಕಾರಣಕ್ಕೆ ಅನೇಕ ಕಂಪನಿಗಳು ಹೊಸಬರಿಗೆ ಮೊದಲ ತಿಂಗಳುಗಳಲ್ಲಿ ಕಡಿಮೆ ಗುರಿ ನೀಡಿ, ಕ್ರಮೇಣ ಏರಿಸುತ್ತವೆ.

ವೇತನದ ರಚನೆಯೂ ಬದಲಾಗುತ್ತದೆ. ಅಮೆರಿಕದ ರೂಢಿಯಲ್ಲಿ ಪ್ರತಿನಿಧಿಯ ಒಟ್ಟು ಸಂಭಾವ್ಯ ಗಳಿಕೆಯ ಹೆಚ್ಚಿನ ಪಾಲು ನಿಶ್ಚಿತವಾಗಿರುತ್ತದೆ. ಎಇಗೆ ನಿಶ್ಚಿತ ವೇತನ ಮತ್ತು ಕಮಿಷನ್ ಸರಿಸುಮಾರು ಅರ್ಧರ್ಧ. ಗುರಿ ತಪ್ಪಿದ ತ್ರೈಮಾಸಿಕದಲ್ಲಿ ಎಇಯ ಗಳಿಕೆಯು ಹಿಂದಿನ ಹುದ್ದೆಯಲ್ಲಿ ಸಿಗುತ್ತಿದ್ದುದಕ್ಕಿಂತ ಕಡಿಮೆಯಾಗುವ ಸಾಧ್ಯತೆಯೂ ಇದೆ.

## ಬಡ್ತಿಯ ಸಿದ್ಧತೆ

ಭೇಟಿಗಳ ಗುರಿಯನ್ನು ಸತತವಾಗಿ ಮುಟ್ಟುವುದು ಬಡ್ತಿಗೆ ಅಗತ್ಯವಾದರೂ ಅದೊಂದೇ ಸಾಲದು. ತಾನು ನಿಗದಿಪಡಿಸಿದ ಭೇಟಿಗಳಲ್ಲಿ ಪ್ರತಿನಿಧಿಯು ಕುಳಿತು ಕೇಳುವುದು, ಬಿದ್ದುಹೋದ ವ್ಯವಹಾರಗಳ ಕಾರಣ ಗುರುತಿಸುವುದು ಮತ್ತು ಸಣ್ಣ ಒಪ್ಪಂದವೊಂದನ್ನು ಮೇಲ್ವಿಚಾರಣೆಯಲ್ಲಿ ಕೊನೆಯವರೆಗೆ ನಡೆಸುವುದು ಸಿದ್ಧತೆಯ ಮಾರ್ಗಗಳಾಗಿವೆ. ಆಯ್ಕೆಯ ವೇಳೆ ಅಣಕು ಭೇಟಿಯೊಂದನ್ನು ನಡೆಸುವ ಪದ್ಧತಿ ಇದೆ. ಅದರಲ್ಲಿ ಅಭ್ಯರ್ಥಿಯು ಗ್ರಾಹಕನ ಸಮಸ್ಯೆ ತಿಳಿಯುವ ಮೊದಲೇ ಉತ್ಪನ್ನದ ಪ್ರದರ್ಶನಕ್ಕೆ ಧಾವಿಸುತ್ತಾನೆಯೇ ಎಂಬುದನ್ನು ವಿಶೇಷವಾಗಿ ಗಮನಿಸಲಾಗುತ್ತದೆ.