ಎಂಗೇಜ್‌ಮೆಂಟ್ ಪಾಡ್

ಒಬ್ಬರ ಇನ್‌ಸ್ಟಾಗ್ರಾಂ ಪೋಸ್ಟ್‌ಗೆ ಇನ್ನೊಬ್ಬರು ಲೈಕ್, ಕಾಮೆಂಟ್ ಹಾಕಿಕೊಳ್ಳಲು ಒಪ್ಪಂದ ಮಾಡಿಕೊಂಡವರ ಗುಂಪು. ಮದುವೆಮನೆಯ ಮುಯ್ಯಿಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ: ಪಡೆದದ್ದನ್ನು ತೀರಿಸಲೇಬೇಕು.

2016ರವರೆಗೆ ಇನ್‌ಸ್ಟಾಗ್ರಾಂನಲ್ಲಿ ಹೊಸ ಪೋಸ್ಟ್ ಮೇಲೆ, ಹಳೆಯದು ಕೆಳಗೆ ಎಂಬ ಸರಳ ಕ್ರಮವಿತ್ತು. ನೋಡುವವರಿಗೆ ಯಾವುದು ಹಿಡಿಸಬಹುದು ಎಂದು ಅಂದಾಜಿಸಿ ಪೋಸ್ಟ್‌ಗಳನ್ನು ಜೋಡಿಸುವುದಾಗಿ ಆ ವರ್ಷದ ಮಾರ್ಚ್‌ನಲ್ಲಿ ಸಂಸ್ಥೆ ಪ್ರಕಟಿಸಿತು. ಮೊದಲ ಗಂಟೆಯಲ್ಲೇ ಕಾಮೆಂಟ್ ಸುರಿದರೆ ಪೋಸ್ಟ್ ಮೇಲೇರುತ್ತದೆ ಎಂಬ ನಂಬಿಕೆಯಿಂದ ಪಾಡ್‌ಗಳು ಹುಟ್ಟಿದವು. ಟೆಲಿಗ್ರಾಂನಲ್ಲಿ ಅವು ದೊಡ್ಡದಾಗಿ ಬೆಳೆದವು. `Dx10` ಎಂಬ ನಿಯಮದ ಪ್ರಕಾರ ತನ್ನ ಲಿಂಕ್ ಹಾಕುವ ಮೊದಲು ಹಿಂದಿನ 10 ಲಿಂಕ್‌ಗಳ ಬಾಕಿ ತೀರಿಸಬೇಕು. ತೀರಿಸದೆ ಲಾಭ ಪಡೆಯುವವನು ‘ಲೀಚ್’. ಅವನನ್ನು ಗುಂಪಿನಿಂದ ಹೊರಹಾಕುತ್ತಾರೆ.

ಕೈಯಲ್ಲಿ ಬರೆದು ಸಾಕಾದವರು ಆಟೋ-ಕಾಮೆಂಟ್ ಆ್ಯಪ್‌ಗಳಿಗೆ ಪಾಸ್‌ವರ್ಡ್ ಒಪ್ಪಿಸಿದರು. ಅಂಥ ಪ್ರಸಿದ್ಧ ಸೇವೆ ಇನ್‌ಸ್ಟಾಗ್ರೆಸ್ 2017ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂನ ಸೂಚನೆಯಂತೆ ಬಾಗಿಲು ಮುಚ್ಚಿತು. 2018ರ ನವೆಂಬರ್‌ನಲ್ಲಿ ಸಂಸ್ಥೆಯು ಇಂಥ ಆ್ಯಪ್‌ಗಳ ಮೂಲಕ ಬಂದ ಲೈಕ್, ಫಾಲೋ, ಕಾಮೆಂಟ್‌ಗಳನ್ನು ಅಳಿಸತೊಡಗಿ, ಬಳಸಿದವರಿಗೆ ಪಾಸ್‌ವರ್ಡ್ ಬದಲಿಸಲು ಹೇಳಿತು. ಭಾರತದಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ರೀಲ್ಸ್ ಬಂದಾಗ ರೀಚ್‌ನ ಚಿಂತೆ ಸಣ್ಣ ಅಂಗಡಿಯವರಿಗೂ ತಗುಲಿತು.

ಉದಾಹರಣೆಗೆ, ಚಿಕ್ಕಬಾಣಾವರದಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವವರೊಬ್ಬರು ಪಾಡ್ ಸೇರಿದರೆಂದುಕೊಳ್ಳೋಣ. ಪೋಸ್ಟ್‌ಗೆ ‘ಸೂಪರ್’, ‘ವಾವ್ ಸಿಸ್’ ಬರುತ್ತವೆ. ಬರೆದವರಲ್ಲಿ ಒಬ್ಬರು ದಿಲ್ಲಿಯ ಜಿಮ್ ತರಬೇತುದಾರ, ಇನ್ನೊಬ್ಬರು ಟ್ರೇಡಿಂಗ್ ಕಲಿಸುವವರು. ಈ ಪೋಸ್ಟ್ ಯಾರಿಗೆ ಹಿಡಿಸುತ್ತದೆ ಎಂದು ಇನ್‌ಸ್ಟಾಗ್ರಾಂ ಕಲಿಯುವುದು ಇಂಥವರಿಂದಲೇ. ಹಾಗಾಗಿ ಅದು ಅವರಂಥವರಿಗೇ ಪೋಸ್ಟನ್ನು ತೋರಿಸುತ್ತದೆ. ಅವರು ನೋಡದೆ ಮುಂದೆ ಹೋಗುತ್ತಾರೆ. ಯಶವಂತಪುರದಲ್ಲೋ ಹೆಬ್ಬಾಳದಲ್ಲೋ ಕೇಕ್ ಬೇಕಾದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇನ್‌ಸೈಟ್ಸ್ ತೆರೆದರೆ ಗುಟ್ಟು ರಟ್ಟು: ಕಾಮೆಂಟ್ ರಾಶಿ, ಆದರೆ ಸೇವ್, ಶೇರ್ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟೋ ಸಲ ಜನ ‘ಶ್ಯಾಡೋಬ್ಯಾನ್’ ಎಂದು ಗೋಳಾಡುವುದು ಇದನ್ನೇ.

ಆ್ಯಕ್ಷನ್ ಬ್ಲಾಕ್‌ನ ಕಥೆ ಬೇರೆ. ಒಂದೇ ಸಾಲನ್ನು ಹತ್ತಾರು ಕಡೆ ಸರಸರನೆ ಅಂಟಿಸಿದರೆ, ಅಥವಾ ಫೋನ್ ಇಲ್ಲಿದ್ದು ಲಾಗಿನ್ ಮಾತ್ರ ದೂರದ ಸರ್ವರ್‌ನಿಂದ ಆದರೆ, `Try Again Later` ಎಂಬ ಸೂಚನೆ ಬಂದು ಕಾಮೆಂಟ್ ಹಾಕುವುದೇ ನಿಲ್ಲುತ್ತದೆ. ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಅದು ತಾನಾಗಿ ತೆರವಾಗುತ್ತದೆ. ಮತ್ತೆ ಮತ್ತೆ ಮಾಡಿದರೆ ಅವಧಿ ಹಿಗ್ಗುತ್ತದೆ. ಪಾಸ್‌ವರ್ಡ್ ಬದಲಿಸಿ ಹೊರಗಿನ ಆ್ಯಪ್‌ನ ಅನುಮತಿ ತೆಗೆಯದಿದ್ದರೆ, ತೆರವಾದ ಮರುಕ್ಷಣವೇ ಆ ಆ್ಯಪ್ ಹಳೆಯ ಕೆಲಸ ಶುರುಮಾಡುತ್ತದೆ.

ಸೆಟ್ಟಿಂಗ್ಸ್‌ನ `Account Status` ಪುಟದಲ್ಲಿ ಯಾವ ದೋಷವೂ ಕಾಣದೆ ರೀಚ್ ಮಾತ್ರ ಬಿದ್ದಿದ್ದರೆ, ಅದು ಶಿಕ್ಷೆಗಿಂತ ಹೆಚ್ಚಾಗಿ ತಪ್ಪು ವೀಕ್ಷಕರನ್ನು ಕೂಡಿಸಿಕೊಂಡದ್ದರ ಫಲವಾಗಿರುವ ಸಾಧ್ಯತೆಯೇ ಹೆಚ್ಚು. ಬ್ಲಾಕ್‌ಗಾದರೂ ಒಂದು ಗಡುವು ಇರುತ್ತದೆ, ಇದಕ್ಕೆ ಇಲ್ಲ.